ಫಿಟ್ಸ್ ಬಂದಾಗ ಕೀಲಿಕೈ ಬೇಡ, ಗಡಿಯಾರ ನೋಡೋಣ

ಯಾರಿಗಾದರೂ ಫಿಟ್ಸ್ ಬಂದರೆ ಕೈಯಲ್ಲಿ ಕಬ್ಬಿಣದ ಕೀಲಿಕೈ ಇಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ನಮ್ಮ ನಾಡಿನಲ್ಲಿ ಬಹಳ ಹಿಂದಿನಿಂದ ಬಂದ ರೂಢಿ. ಕೀಲಿಕೈ ಇಟ್ಟ ಸ್ವಲ್ಪ ಹೊತ್ತಿಗೆ ನಡುಕ ನಿಲ್ಲುವುದನ್ನು ಕಂಡವರು ಅದರಿಂದಲೇ ಗುಣವಾಯಿತೆಂದು ನಂಬುತ್ತಾರೆ. ನಿಜವೇನೆಂದರೆ, ಮೆದುಳಿನಲ್ಲಿ ಏಕಾಏಕಿ ಉಂಟಾದ ವಿದ್ಯುತ್ ಏರುಪೇರು ಹೆಚ್ಚಿನವರಲ್ಲಿ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಕೀಲಿಕೈ ಇಡದಿದ್ದರೂ ಅದು ನಿಲ್ಲುತ್ತಿತ್ತು.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳನ್ನೇ ತೆಗೆದುಕೊಳ್ಳೋಣ. ಇಲ್ಲಿನ ಕಾಲುವೆ ಪ್ರದೇಶದಲ್ಲಿ ಭತ್ತದ ನಾಟಿ ನಡೆದಿದೆ, ಗದ್ದೆಯಲ್ಲಿ ಗೇಣುದ್ದ ನೀರಿದೆ ಎಂದುಕೊಳ್ಳಿ. ಸಸಿ ನೆಡುತ್ತಿದ್ದ ಹೆಣ್ಣುಮಗಳೊಬ್ಬಳು ಫಿಟ್ಸ್ ಬಂದು ಮುಖ ಕೆಳಗಾಗಿ ಬೀಳುತ್ತಾಳೆ. ಕೀಲಿಕೈ ಹುಡುಕುತ್ತ ಕೂತರೆ ಆ ಅಲ್ಪ ನೀರಿನಲ್ಲೇ ಉಸಿರು ಕಟ್ಟೀತು. ಮೊದಲು ಆಕೆಯ ಮುಖವನ್ನು ನೀರಿನಿಂದ ಮೇಲೆತ್ತಬೇಕು. ಬಳಿಕ ಇಬ್ಬರು ಮೂವರು ಸೇರಿ, ತಲೆಗೆ ಆಸರೆ ಕೊಟ್ಟು ಬದುವಿಗೆ ತರಬೇಕು. ಒಬ್ಬರು ಕೂಡಲೇ ಗಡಿಯಾರ ನೋಡಿಕೊಳ್ಳಲಿ.

ಬದುವಿನಲ್ಲಿ ತಲೆಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ಕತ್ತಿನ ಬಳಿ ಬಿಗಿಯಾದ ಬಟ್ಟೆಯನ್ನು ಸಡಿಲಿಸಿ, ಆಕೆಯನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಹೀಗೆ ಮಾಡಿದರೆ ಬಾಯಿಯ ನೊರೆ, ಜೊಲ್ಲು ಹೊರಗೆ ಹರಿದು ಉಸಿರಾಟ ಸರಾಗವಾಗುತ್ತದೆ. ಕುಡುಗೋಲು, ಕಲ್ಲುಗಳು ಹತ್ತಿರವಿದ್ದರೆ ದೂರ ಸರಿಸಬೇಕು. ಕೈಕಾಲುಗಳನ್ನು ಅದುಮಿ ಹಿಡಿದರೆ ನಡುಕ ನಿಲ್ಲುವುದಿಲ್ಲ, ಕೀಲು ತಪ್ಪಬಹುದು. ನಾಲಿಗೆ ನುಂಗಿಕೊಳ್ಳುತ್ತಾರೆಂದು ಹಲ್ಲುಗಳ ನಡುವೆ ಚಮಚ ಅಥವಾ ಬೆರಳು ತುರುಕುವುದೂ ತಪ್ಪು. ನಾಲಿಗೆಯನ್ನು ನುಂಗಲು ಸಾಧ್ಯವೇ ಇಲ್ಲ, ಆದರೆ ಹಲ್ಲು ಮುರಿದು ಉಸಿರ್ನಾಳಕ್ಕೆ ಇಳಿಯಬಹುದು. ಪೂರ್ಣ ಎಚ್ಚರ ಬರುವವರೆಗೆ ನೀರು, ಸೋಡಾ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬಾರದು.

ನಡುಕ ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ, ತಡಮಾಡದೆ 108ಕ್ಕೆ ಕರೆ ಮಾಡಬೇಕು. ಅಂತಹ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ, ಅದಕ್ಕೆ ಔಷಧವೇ ಬೇಕು. ಮೊದಲ ಬಾರಿ ಬಂದಿದ್ದರೆ, ಗರ್ಭಿಣಿ ಅಥವಾ ಸಕ್ಕರೆ ಕಾಯಿಲೆಯವರಾಗಿದ್ದರೆ, ಪೆಟ್ಟಾಗಿದ್ದರೆ, ನಡುಕ ನಿಂತ ಮೇಲೂ ಉಸಿರಾಟ ಸರಿಯಿಲ್ಲದಿದ್ದರೆ ಐದು ನಿಮಿಷ ಕಾಯುವಂತಿಲ್ಲ. ನೀರಿನಲ್ಲಿ ಬಿದ್ದವರು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಶ್ವಾಸಕೋಶಕ್ಕೆ ನೀರು ಸೇರಿರಬಹುದು.

ಕರೆ ಮಾಡುವಾಗ "ಸಿಂಧನೂರಿನ ಹತ್ತಿರ" ಎಂದರೆ ಸಾಲದು. ಊರು ಅಥವಾ ಕ್ಯಾಂಪಿನ ಹೆಸರು, ಹತ್ತಿರದ ಕಾಲುವೆ ಸೇತುವೆಯ ಗುರುತು ಹೇಳಿ, ಒಬ್ಬರನ್ನು ಮುಖ್ಯ ರಸ್ತೆಗೆ ಕಳುಹಿಸಬೇಕು. ನಡುಕ ಎಷ್ಟು ಹೊತ್ತಿಗೆ ಆರಂಭವಾಯಿತು, ಎಷ್ಟು ಹೊತ್ತು ಇತ್ತು ಎಂಬುದನ್ನು ಆಂಬ್ಯುಲೆನ್ಸಿನವರಿಗೆ ತಿಳಿಸಬೇಕು. ನಡುಕ ನಿಂತ ಮೇಲೂ ಕೆಲಹೊತ್ತು ಮಂಕು, ನಿದ್ದೆ ಇರುತ್ತದೆ. ಅಷ್ಟು ಹೊತ್ತು ಒಬ್ಬರು ಪಕ್ಕದಲ್ಲೇ ಇರಬೇಕು.