ಕೀರಲು ದನಿಯನ್ನು ತಡೆಯುವ ಎರಡು ಬಿಡಿಭಾಗಗಳು

ಲೋ-ಪಾಸ್ ಫಿಲ್ಟರ್‌ನ ನಕ್ಷೆಯನ್ನು ಎಡದಿಂದ ಓದಿ. ಒಳಬಂದ ಸಿಗ್ನಲ್ ಮೊದಲು ಅಂಕುಡೊಂಕು ಗೆರೆಯ ರೆಸಿಸ್ಟರ್ ದಾಟುತ್ತದೆ. ಅದರಾಚೆ ಎರಡು ಸಮಾನಾಂತರ ಗೆರೆಗಳ ಕೆಪಾಸಿಟರ್ ಗ್ರೌಂಡಿಗೆ ಇಳಿದಿರುತ್ತದೆ. ಇವೆರಡೂ ಸೇರುವ ಬಿಂದುವೇ ಔಟ್‌ಪುಟ್.

ಸಿಗ್ನಲ್ ನಿಧಾನವಾಗಿ ಏರಿಳಿದರೆ ಕೆಪಾಸಿಟರ್‌ಗೆ ತುಂಬಿ ಬರಿದಾಗಲು ಸಮಯ ಸಿಗುತ್ತದೆ. ಔಟ್‌ಪುಟ್ ಅದನ್ನೇ ಹಿಂಬಾಲಿಸುತ್ತದೆ. ವೇಗ ಹೆಚ್ಚಿದರೆ, ತುಂಬುವ ಮೊದಲೇ ದಿಕ್ಕು ಬದಲಾಗಿ ಔಟ್‌ಪುಟ್ ಕುಗ್ಗುತ್ತದೆ.

ಕಟ್‌ಆಫ್ ಆವರ್ತನದ ಸೂತ್ರ f = 1/(2πRC). 1.6 ಕಿಲೋಓಮ್, 0.1 ಮೈಕ್ರೋಫ್ಯಾರಡ್ ಹಾಕಿದರೆ ಅದು ಸುಮಾರು 1000 ಹರ್ಟ್ಸ್. 1 ವೋಲ್ಟ್ ಕೊಟ್ಟರೆ 100 ಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ, 1000ದಲ್ಲಿ 0.7 ವೋಲ್ಟ್, 10,000ದಲ್ಲಿ 0.1 ವೋಲ್ಟ್ ಸಿಗುತ್ತದೆ. ಕಟ್‌ಆಫ್ ಎಂದರೆ ಗೋಡೆಯಲ್ಲ, ಇಳಿಜಾರು.

ಕೀರಲು ದನಿಯೇ ಉಳಿದು ಗಡಸು ದನಿ ಮಾಯವಾದರೆ, ಎರಡು ಬಿಡಿಭಾಗಗಳೂ ಅದಲುಬದಲಾಗಿಲ್ಲವೇ ನೋಡಿ.