‘ಹೂಂ’, ‘ಆಯ್ತು’, ‘ಏನಿಲ್ಲ’: ಒಂದೇ ಪದದ ಉತ್ತರಕ್ಕೆ ಎಷ್ಟು ದಿನ ಮಾತು ಬೆಳೆಸಬೇಕು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಈಗ ಸಂಬಂಧ ಹುಡುಕುವುದು ಮಧ್ಯಸ್ಥರ ಡೈರಿಯಲ್ಲಿ ಮಾತ್ರವಲ್ಲ, ಮ್ಯಾಟ್ರಿಮೊನಿ ಆ್ಯಪ್‌ನಲ್ಲೂ ನಡೆಯುತ್ತದೆ. ಇಂಟರೆಸ್ಟ್ ಕಳಿಸುತ್ತಾರೆ, ಆ ಕಡೆಯಿಂದ ಅಕ್ಸೆಪ್ಟ್ ಆಗುತ್ತದೆ, ಜಾತಕ ನೋಡುತ್ತಾರೆ, ನಂಬರ್ ಕೈಸೇರುತ್ತದೆ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಮಾತು ಶುರುವಾದರೆ ಆ ಕಡೆಯಿಂದ ಬರುವುದು ಒಂದೊಂದೇ ಪದ. ಕೆಲವರು ಎರಡನೇ ದಿನಕ್ಕೇ ‘ಜಂಬ’ ಎಂದು ಕೈಬಿಡುತ್ತಾರೆ. ಇನ್ನು ಕೆಲವರು ತಿಂಗಳುಗಟ್ಟಲೆ ತಾವೊಬ್ಬರೇ ಮಾತು ಎಳೆಯುತ್ತಾರೆ. ಈ ಎರಡೂ ತಪ್ಪುಗಳ ಹಿಂದೆ ಕೆಲವು ಗಟ್ಟಿ ನಂಬಿಕೆಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಒಂದೇ ಪದದಲ್ಲಿ ಉತ್ತರಿಸಿದರೆ ಆಸಕ್ತಿ ಇಲ್ಲ ಎಂದೇ ಅರ್ಥ.

ಸತ್ಯ: ಮೊದಲು ನೋಡಬೇಕಾದದ್ದು ನಾವು ಕೇಳಿದ ಪ್ರಶ್ನೆಯನ್ನು. ‘ಊಟ ಆಯ್ತಾ?’ ಎಂದರೆ ‘ಆಯ್ತು’ ಎನ್ನದೆ ಇನ್ನೇನು ಹೇಳುತ್ತಾರೆ? ‘ಏನ್ ಮಾಡ್ತಿದ್ದೀರಾ?’ ಎಂದರೆ ‘ಏನಿಲ್ಲ’. ‘ಕೆಲಸ ಹೇಗಿದೆ?’ ಎಂದರೆ ‘ಚೆನ್ನಾಗಿದೆ’. ಇವು ನಮ್ಮಲ್ಲಿ ಕುಶಲ ವಿಚಾರಿಸುವ ಮಾತುಗಳು. ಎದುರಿಗೆ ಸಿಕ್ಕಾಗ ಇವುಗಳ ಜೊತೆ ಮುಖದ ನಗು, ದನಿಯ ಆತ್ಮೀಯತೆ ಇರುತ್ತವೆ. ಪರದೆಯ ಮೇಲೆ ಅವು ಯಾವುದೂ ಇಲ್ಲ, ಹಾಗಾಗಿ ಪ್ರಶ್ನೆ ಎಷ್ಟು ಚಿಕ್ಕದೋ ಉತ್ತರವೂ ಅಷ್ಟೇ ಚಿಕ್ಕದಾಗುತ್ತದೆ. ದಿನಕ್ಕೆ ಮೂರು ಹೊತ್ತು ‘ತಿಂಡಿ ಆಯ್ತಾ, ಊಟ ಆಯ್ತಾ’ ಎಂದು ಕೇಳಿ, ‘ಅವರು ಮಾತೇ ಆಡಲ್ಲ’ ಎಂದು ದೂರುವುದು ನ್ಯಾಯವಲ್ಲ.

ಬೆರಳಚ್ಚಿನ ಕಷ್ಟವೂ ಇದೆ. ಕನ್ನಡದಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲ ಎಷ್ಟೋ ಮಂದಿಗೆ ಅದನ್ನೇ ಟೈಪ್ ಮಾಡುವುದು ಹಿಂಸೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ತಪ್ಪಾದೀತು, ಎದುರಿನವರು ಏನೆಂದುಕೊಂಡಾರು ಎಂಬ ಅಳುಕು ಬೇರೆ. ಪಾವಗಡವಂತೂ ಬಹುಪಾಲು ಆಂಧ್ರದ ನೆಲ ಸುತ್ತುವರಿದ ತಾಲ್ಲೂಕು. ಅಲ್ಲಿ ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಓದಿದವರು ಬಹಳ. ಅಂಥವರು ಬರೆಯುವಾಗ ‘ಓಕೆ’ಯ ಮೊರೆ ಹೋದರೆ ಅದು ನಿರಾಸಕ್ತಿ ಎಂದು ತೀರ್ಮಾನಿಸಲಾಗದು.

ತಪ್ಪು ಕಲ್ಪನೆ 2: ಉತ್ತರಿಸುತ್ತಿರುವುದು ಫೋಟೊದಲ್ಲಿರುವವರೇ.

ಸತ್ಯ: ಮ್ಯಾಟ್ರಿಮೊನಿ ಪ್ರೊಫೈಲ್‌ನಲ್ಲಿ ಅದನ್ನು ರಚಿಸಿದವರು ಯಾರು ಎಂಬ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ: ಸ್ವತಃ, ತಂದೆತಾಯಿ, ಒಡಹುಟ್ಟಿದವರು, ಬಂಧುಗಳು. ಇದನ್ನು ಹೆಚ್ಚಿನವರು ಓದುವುದೇ ಇಲ್ಲ. ‘ಸ್ವತಃ’ ಎಂದಿಲ್ಲದಿದ್ದರೆ ನಿಮಗೆ ‘ಹೂಂ’ ಕಳಿಸುತ್ತಿರುವವರು ಹುಡುಗಿಯ ಅಣ್ಣನೋ ಹುಡುಗನ ಅಕ್ಕನೋ ಆಗಿರಬಹುದು. ಅವರಿಗೆ ಬೇಕಿರುವುದು ಹರಟೆಯಲ್ಲ, ಜಾತಕ ಮತ್ತು ಮನೆಯವರ ನಂಬರ್. ಸ್ವತಃ ಹುಡುಗಿಯೇ ಬರೆಯುತ್ತಿದ್ದರೂ ಆ ಫೋನನ್ನು ಮನೆಯವರು ನೋಡುತ್ತಿರಬಹುದು. ಅಮ್ಮ ಓದುತ್ತಾರೆಂದು ಗೊತ್ತಿರುವ ಕಡೆ ಯಾರೂ ಮನಸ್ಸು ಬಿಚ್ಚಿ ಬರೆಯುವುದಿಲ್ಲ.

ಗುರುತು ಹಿಡಿಯುವುದು ಹೇಗೆ? ‘ನಾನು’ ಎನ್ನುವ ಕಡೆ ‘ನಾವು’, ‘ನಮ್ಮ ಹುಡುಗಿ’ ಎಂಬ ಮಾತು ನುಸುಳುತ್ತದೆ. ಸಂಬಳ, ಜಮೀನು, ಸ್ವಂತ ಮನೆಯ ವಿಷಯಕ್ಕೆ ಮಾತ್ರ ಉತ್ತರ ಉದ್ದವಾಗುತ್ತದೆ. ಹೀಗಿದ್ದರೆ ಊಹಿಸುತ್ತಾ ಕೂರಬೇಡಿ. ‘ನಾನು ಮಾತಾಡ್ತಿರೋದು ನಿಮ್ಮ ಹತ್ರಾನೇನಾ, ಇಲ್ಲಾ ಮನೆಯವರ ಹತ್ರಾನಾ? ಯಾರಾದ್ರೂ ಸರಿ, ಗೊತ್ತಿದ್ರೆ ಹಾಗೇ ಮಾತಾಡ್ತೀನಿ’ ಎಂದು ಮರ್ಯಾದೆಯಿಂದ ಕೇಳಬಹುದು. ಇದರಿಂದ ಯಾರಿಗೂ ಬೇಜಾರಾಗುವುದಿಲ್ಲ.

ತಪ್ಪು ಕಲ್ಪನೆ 3: ನೀಲಿ ಗುರುತು ಬಂದರೂ ಉತ್ತರ ತಡವಾಯಿತು, ಅಂದರೆ ಅಸಡ್ಡೆ.

ಸತ್ಯ: ವಾಟ್ಸ್‌ಆ್ಯಪ್ 2014ರ ನವೆಂಬರ್‌ನಲ್ಲಿ ತಂದ ನೀಲಿ ಗುರುತು ಹೇಳುವುದು ಸಂದೇಶ ತೆರೆದಿದೆ ಎಂದಷ್ಟೇ. ಯಾರು ತೆರೆದರು, ಯಾವ ಸ್ಥಿತಿಯಲ್ಲಿ ತೆರೆದರು ಎಂಬುದನ್ನು ಅದು ಹೇಳುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಲೈನ್ ಮೇಲೆ ಕೂತವರು, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರು, ತರಗತಿಯಲ್ಲಿರುವ ಮೇಡಂ, ಇವರೆಲ್ಲ ಸಿಕ್ಕ ಎರಡು ನಿಮಿಷದ ಬಿಡುವಿನಲ್ಲಿ ‘ಹೂಂ’ ಎಂದು ಕಳಿಸಿರಬಹುದು.

ಬರಹದಿಂದ ಧಾಟಿ ಊಹಿಸುವುದರಲ್ಲಿ ನಾವೆಲ್ಲ ದುರ್ಬಲರು. ಅಮೆರಿಕದ ಸಂಶೋಧಕರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಮೇಲ್ ಬರೆದವರು ತಮ್ಮ ಮಾತು ವ್ಯಂಗ್ಯವೋ ಗಂಭೀರವೋ ಎಂಬುದು ಓದುವವರಿಗೆ ಸುಲಭವಾಗಿ ತಿಳಿಯುತ್ತದೆಂದು ನಂಬಿದ್ದರು. ಓದಿದವರ ಅಂದಾಜು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪ ಮಾತ್ರ ಉತ್ತಮವಾಗಿತ್ತು. ಇಡೀ ವಾಕ್ಯದ ಧಾಟಿಯೇ ಸಿಗದಿರುವಾಗ ಒಂದು ‘ಹೂಂ’ನಲ್ಲಿ ಸಿಟ್ಟು, ಸೊಕ್ಕು, ನಾಚಿಕೆ ಹುಡುಕುವುದು ವ್ಯರ್ಥ. ಹೊತ್ತು ಬದಲಿಸಿ ನೋಡಿ. ಬೆಳಿಗ್ಗೆ ಹತ್ತಕ್ಕೆ ‘ಹೂಂ’ ಎಂದವರು ರಾತ್ರಿ ಎಂಟೂವರೆಗೆ ಎರಡು ಸಾಲು ಬರೆದರೆ, ಅಡ್ಡಿಯಾಗಿದ್ದದ್ದು ಸಮಯವೇ ಇರಬಹುದು.

ತಪ್ಪು ಕಲ್ಪನೆ 4: ನಾವೇ ಹೆಚ್ಚು ಬರೆಯುತ್ತಾ ಹೋದರೆ ಒಂದು ದಿನ ಅವರೂ ತೆರೆದುಕೊಳ್ಳುತ್ತಾರೆ.

ಸತ್ಯ: ಇಲ್ಲಿ ಪ್ರಯತ್ನದ ಪ್ರಮಾಣಕ್ಕಿಂತ ರೀತಿ ಮುಖ್ಯ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗ ಸಿರಾದವನು, ಕಾರ್ಖಾನೆಯಲ್ಲಿ ಕೆಲಸ. ಹುಡುಗಿ ಮಧುಗಿರಿಯವಳು, ಬಿ.ಎಡ್. ಮುಗಿಸಿ ಖಾಸಗಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ. ಒಂದು ವಾರದಿಂದ ನಡೆದಿರುವುದು ಊಟ, ತಿಂಡಿ, ಗುಡ್ ನೈಟ್ ಅಷ್ಟೇ. ಈಗ ಹುಡುಗ ಹೀಗೆ ಬರೆಯುತ್ತಾನೆ:

‘ಹೈಸ್ಕೂಲಿಗೆ ಪಾಠ ಮಾಡ್ತೀರಿ ಅಂತ ಪ್ರೊಫೈಲಲ್ಲಿ ನೋಡಿದೆ. ಎಂಟನೇ ಕ್ಲಾಸಿನವರಾ, ಹತ್ತನೇ ಕ್ಲಾಸಿನವರಾ, ಯಾರನ್ನ ಸಂಭಾಳಿಸೋದು ಕಷ್ಟ? ನನಗೆ ಎಂಟನೇ ಕ್ಲಾಸಲ್ಲಿ ಗಣಿತದ ಪೀರಿಯಡ್ ಅಂದ್ರೆ ಹೊಟ್ಟೆನೋವು ಬರ್ತಿತ್ತು.’

ಇದರಲ್ಲಿ ಮೂರು ಕೆಲಸ ಆಗಿದೆ. ಅವಳ ಬದುಕಿನ ಒಂದು ನಿಜವಾದ ವಿವರ ಹಿಡಿದಿದ್ದಾನೆ. ಎರಡು ಆಯ್ಕೆ ಕೊಟ್ಟು ಉತ್ತರವನ್ನು ಸುಲಭ ಮಾಡಿದ್ದಾನೆ. ತನ್ನದೂ ಒಂದು ಮಾತು ಹೇಳಿ, ಅವಳು ಬೇಕಿದ್ದರೆ ಹಿಡಿದು ಮುಂದುವರಿಸುವಂತೆ ಬಿಟ್ಟಿದ್ದಾನೆ. ಇನ್ನು ಬರುವ ಉತ್ತರವನ್ನು ಗಮನಿಸಬೇಕು.

‘ಹತ್ತನೇದೇ ಕಷ್ಟ, ಪರೀಕ್ಷೆ ಟೆನ್ಷನ್ ಅವರಿಗಿಂತ ನಮಗೇ ಜಾಸ್ತಿ. ನಿಮಗೆ ಈಗ್ಲೂ ಗಣಿತ ಅಂದ್ರೆ ಭಯಾನಾ?’ ಎಂದು ಬಂದರೆ ಇಷ್ಟು ದಿನದ ತೊಂದರೆ ಪ್ರಶ್ನೆಯಲ್ಲಿತ್ತು. ಇಲ್ಲಿ ನೋಡಬೇಕಾದದ್ದು ಉತ್ತರದ ಉದ್ದವನ್ನಲ್ಲ, ಕೊನೆಯಲ್ಲಿ ತಿರುಗಿ ಕೇಳಿದ ಆ ಪ್ರಶ್ನೆಯನ್ನು. ‘ಹತ್ತನೇದು’ ಎಂದಷ್ಟೇ ಬಂದರೆ ಬಾಗಿಲು ಅರ್ಧ ತೆರೆದಿದೆ. ಬರಹ ಬಿಟ್ಟು ಮಾತಿಗೆ ಕರೆಯುವ ಹೊತ್ತು ಅದು: ‘ಟೈಪ್ ಮಾಡೋದಕ್ಕಿಂತ ಮಾತಾಡೋದೇ ಸುಲಭ ಅನ್ಸುತ್ತೆ. ಭಾನುವಾರ ಸಂಜೆ ಹತ್ತು ನಿಮಿಷ ಫೋನ್ ಮಾಡಲಾ? ಮನೆಯಲ್ಲಿ ಹೇಳಿಯೇ ಮಾತಾಡೋಣ.’ ಬರೆಯಲು ಅಳುಕುವವರು ಫೋನಿನಲ್ಲಿ ಬೇರೆಯೇ ವ್ಯಕ್ತಿಯಾಗುವುದುಂಟು. ‘ಭಾನುವಾರ ಆಗಲ್ಲ, ಸೋಮವಾರ ಎಂಟು ಗಂಟೆಗೆ ಮಾಡಿ’ ಎಂದರೂ ಅದು ಆಸಕ್ತಿಯೇ. ಬೇರೆ ಹೊತ್ತು ಸೂಚಿಸದೆ ‘ಆಗಲ್ಲ’ ಎಂದು ನಿಲ್ಲಿಸಿದರೆ ಅಲ್ಲಿಗೆ ಉತ್ತರ ಸಿಕ್ಕಂತೆ. ಕ್ಲಾಸಿನ ಪ್ರಶ್ನೆಗೆ ‘ಗೊತ್ತಿಲ್ಲ’, ‘ನೋಡೋಣ’ ಎಂಬ ಮೂರನೇ ಬಗೆಯ ಉತ್ತರ ಬಂದರೂ ಕರೆಯ ಮಾತನ್ನು ಒಂದು ಸಲ ಎತ್ತಿ ನೋಡಬಹುದು. ಎರಡನೇ ಸಲ ಬೇಡ.

ಅಂದರೆ ಪ್ರಶ್ನೆ ಬದಲಿಸಿ, ಹೊತ್ತು ಬದಲಿಸಿ, ಬರಹದಿಂದ ಮಾತಿಗೆ ಬದಲಿಸಿ ನೋಡಬೇಕು. ಮೂರಕ್ಕೂ ಆ ಕಡೆಯಿಂದ ಒಂದೂ ಪ್ರಶ್ನೆ ತಿರುಗಿ ಬರದಿದ್ದರೆ ನಾಲ್ಕನೇ ಪ್ರಯತ್ನದಿಂದ ಹೊಸದೇನೂ ತಿಳಿಯುವುದಿಲ್ಲ. ಇದಕ್ಕೆ ಎರಡು ವಾರ ಸಾಕು.

ಇನ್ನೊಂದು ಗಡಿಯೂ ಗೊತ್ತಿರಲಿ. ‘ಮೆಸೇಜ್ ಮಾಡಬೇಡಿ’ ಎಂದ ಮೇಲೆ, ಅಥವಾ ಬ್ಲಾಕ್ ಮಾಡಿದ ಮೇಲೆ ಬೇರೆ ನಂಬರಿನಿಂದ ಬರೆಯುವುದನ್ನು ಪ್ರಯತ್ನ ಎನ್ನಲಾಗದು. ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮಹಿಳೆಯನ್ನು ಪುರುಷ ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಹಿಂಬಾಲಿಸುವ ಅಪರಾಧ. 2013ರಲ್ಲಿ ಹಳೆಯ ದಂಡಸಂಹಿತೆಗೆ ಸೇರಿದ ಈ ನಿಯಮ 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಜಾರಿಯಲ್ಲಿದೆ.

ತಪ್ಪು ಕಲ್ಪನೆ 5: ಈಗ ಸಂಕೋಚ, ಮದುವೆಯಾದ ಮೇಲೆ ಎಲ್ಲಾ ಸರಿಹೋಗುತ್ತದೆ.

ಸತ್ಯ: ಮನೆಯ ಹಿರಿಯರು ಹೆಚ್ಚಾಗಿ ಹೇಳುವ ಮಾತು ಇದು, ಹೆಚ್ಚು ಅಪಾಯದ್ದೂ ಇದೇ. ಸಂಕೋಚದ ಸ್ವಭಾವದವರು ನಿಧಾನವಾಗಿಯಾದರೂ ತೆರೆದುಕೊಳ್ಳುತ್ತಾರೆ. ಮೊದಲ ಕರೆಯಲ್ಲಿ ಮೂರು ನಿಮಿಷ ಮಾತಾಡಿದವರು ಎರಡನೆಯದರಲ್ಲಿ ಹತ್ತು ನಿಮಿಷ ಆಡುತ್ತಾರೆ, ಹಿಂದೆ ಹೇಳಿದ್ದನ್ನು ನೆನಪಿಟ್ಟು ಕೇಳುತ್ತಾರೆ. ಎಳ್ಳಷ್ಟೂ ಬದಲಾಗದ ಮೌನಕ್ಕೆ ಬೇರೆ ಕಾರಣ ಇರಬಹುದು: ಈ ಮದುವೆಯೇ ಬೇಡ, ಓದು ಮುಗಿಸಬೇಕು, ಮನಸ್ಸಿನಲ್ಲಿ ಬೇರೊಬ್ಬರಿದ್ದಾರೆ, ಆದರೆ ಮನೆಯಲ್ಲಿ ಹೇಳುವ ಧೈರ್ಯವಿಲ್ಲ. ಇದು ಹುಡುಗಿಯರ ಕಥೆ ಮಾತ್ರವಲ್ಲ. ಅಪ್ಪ ಪ್ರೊಫೈಲ್ ಹಾಕಿಸಿದ್ದಕ್ಕೆ ಸುಮ್ಮನೆ ‘ಓಕೆ’ ಕಳಿಸುತ್ತಿರುವ ಹುಡುಗರೂ ಇದ್ದಾರೆ.

ಹಾಗಾಗಿ ಕೈಬಿಡುವ ಮುನ್ನ ಒಂದು ನೇರ ಪ್ರಶ್ನೆಯನ್ನು, ಆದಷ್ಟು ಫೋನಿನಲ್ಲಿ, ಮನೆಯವರು ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ ಕೇಳಲೇಬೇಕು: ‘ಈ ಸಂಬಂಧ ನಿಮಗೆ ಒಪ್ಪಿಗೇನಾ, ಇಲ್ಲಾ ಮನೆಯವರ ಒತ್ತಾಯಾನಾ? ಏನೇ ಹೇಳಿದ್ರೂ ನಾನು ತಪ್ಪು ತಿಳ್ಕೊಳ್ಳಲ್ಲ, ಯಾರಿಗೂ ಹೇಳಲ್ಲ.’

ಬೇಡ ಎಂದಾದರೆ ಆ ಮಾತನ್ನು ಯಾರು ಹೊರುತ್ತಾರೆ ಎಂಬುದು ನಮ್ಮ ಊರುಗಳಲ್ಲಿ ಸಣ್ಣ ವಿಷಯವಲ್ಲ. ‘ಹುಡುಗಿಯೇ ಬೇಡ ಅಂದಳು’ ಎಂದು ಮನೆ ಮುಟ್ಟಿದರೆ ಅವಳು ಬೈಗುಳ ತಿನ್ನಬೇಕಾದೀತು. ‘ಹುಡುಗನ ಕಡೆಯವರು ಹುಡುಗಿಯನ್ನು ಒಪ್ಪಲಿಲ್ಲ’ ಎಂದು ಹಬ್ಬಿದರೆ ಮುಂದಿನ ಸಂಬಂಧಕ್ಕೂ ತೊಡಕು. ಅದಕ್ಕೇ ಮಧ್ಯಸ್ಥರಿಗೂ ಎರಡೂ ಮನೆಯವರಿಗೂ ‘ಮಾತಾಡಿ ನೋಡಿದ್ವಿ, ಇಬ್ಬರಿಗೂ ಹೊಂದಾಣಿಕೆ ಅನ್ನಿಸಲಿಲ್ಲ’ ಎಂಬ ಒಂದೇ ಮಾತು ಹೋಗಲಿ. ಆ ಕಡೆಯವರಿಗೆ ಮಾತ್ರ ಹೀಗೆ ಬರೆಯಿರಿ: ‘ನಮ್ಮ ಮಾತು ಮುಂದುವರಿತಿಲ್ಲ ಅನ್ಸುತ್ತೆ, ಇಲ್ಲಿಗೆ ನಿಲ್ಲಿಸೋಣ. ನಮ್ಮ ಮನೆಯಲ್ಲಿ ನಾನೇ ಹೇಳ್ತೀನಿ. ನಿಮಗೆ ಒಳ್ಳೇದಾಗಲಿ.’ ಇದಕ್ಕೂ ‘ಓಕೆ’ ಎಂದೇ ಉತ್ತರ ಬರಬಹುದು. ಬರಲಿ, ಮತ್ತೆ ಬರೆಯಬೇಡಿ.