ಸಂಬಳಕ್ಕೆ ತೆರಿಗೆ ಸೊನ್ನೆ, ಪಕ್ಕದ ದುಡಿಮೆಗೆ ಕಂತು ನಾಲ್ಕು

ಪೆದ್ದಹರಿವಾಣಂ: ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಮನೆಯಲ್ಲೇ ಕೂತು ಮಾಡುವವರು 2020ರ ಕೊರೊನಾ ಕಾಲದಿಂದ ಗಡಿ ಹಳ್ಳಿಗಳಲ್ಲೂ ಕಾಣಸಿಗುತ್ತಾರೆ. ಕನ್ನಡ, ತೆಲುಗು ಎರಡೂ ಬಲ್ಲ ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲವಿದೆ. ಸಂಜೆ ಹೊತ್ತು ಅನುವಾದ, ಸಬ್‌ಟೈಟಲ್, ಧ್ವನಿ ಬರಹದಂಥ ಕೆಲಸ ಹಿಡಿದರೆ ಕೈಗೆ ನಾಲ್ಕು ಕಾಸು ಬರುತ್ತದೆ. ಇದು ಗಿಂಬಳವಲ್ಲ, ಬೆವರಿನ ದುಡ್ಡೇ. ಆದರೆ ಈ ದುಡ್ಡಿನ ಮೇಲಿನ ತೆರಿಗೆಯನ್ನು ಸಂಬಳದ ತೆರಿಗೆಯ ಹಾಗೆ ಯಾರೋ ಹಿಡಿದುಕೊಂಡು ಕಟ್ಟಿಬಿಡುತ್ತಾರೆ ಅಂದುಕೊಂಡರೆ ವರ್ಷದ ಕೊನೆಗೆ ಬಡ್ಡಿ ಸೇರಿಸಿ ಕಟ್ಟಬೇಕಾಗುತ್ತದೆ. ಇದನ್ನು ನಾವೇ ಲೆಕ್ಕ ಹಾಕಿ, ವರ್ಷ ಮುಗಿಯುವ ಮುನ್ನವೇ ಕಂತುಗಳಲ್ಲಿ ಕಟ್ಟಬೇಕು. ಕನ್ನಡದಲ್ಲಿ ಇದಕ್ಕೆ ಮುಂಗಡ ತೆರಿಗೆ, ತೆಲುಗಿನಲ್ಲಿ ಮುಂದಸ್ತು ಪನ್ನು ಅನ್ನುತ್ತಾರೆ.

ಅಂದ ಹಾಗೆ, ಕೆಲಸ ಕೊಟ್ಟ ಕಂಪನಿ ಕರ್ನಾಟಕದಲ್ಲಿ, ಮನೆ ಆಂಧ್ರದಲ್ಲಿ, ಹಾಗಾದರೆ ತೆರಿಗೆ ಯಾವ ರಾಜ್ಯಕ್ಕೆ ಎಂಬ ಗೊಂದಲ ಬೇಡ. ಆದಾಯ ತೆರಿಗೆ ಕೇಂದ್ರದ್ದು. ಸಿರುಗುಪ್ಪದಲ್ಲಿ ಕೂತರೂ ಆದೋನಿಯಲ್ಲಿ ಕೂತರೂ ಲೆಕ್ಕ ಒಂದೇ. ಸಂಬಳದ ಚೀಟಿಯಲ್ಲಿ ಕಾಣುವ ವೃತ್ತಿ ತೆರಿಗೆ ರಾಜ್ಯದ್ದು, ಅದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ.

ಎಲ್ಲರನ್ನೂ ಎಡವಿಸುವ ಕಲ್ಲು ಹನ್ನೆರಡು ಲಕ್ಷದ ಗಡಿ. 2025-26ರ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷ ರೂಪಾಯಿ ದಾಟದಿದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಸಂಬಳದಾರರಿಗೆ 75 ಸಾವಿರದ ನಿಗದಿತ ಕಡಿತ ಬೇರೆ ಇದೆ. ಹಾಗಾಗಿ 12 ಲಕ್ಷ 75 ಸಾವಿರ ಸಂಬಳದವರೆಗೆ ಕಂಪನಿ ಒಂದು ರೂಪಾಯಿಯನ್ನೂ ಹಿಡಿಯುವುದಿಲ್ಲ. ಕಂಪನಿಗೆ ಕಾಣುವುದು ತಾನು ಕೊಟ್ಟ ಸಂಬಳ ಮಾತ್ರ. ಸಂಜೆಯ ದುಡಿಮೆ ಸೇರಿ ಮೊತ್ತ ಗಡಿ ದಾಟಿತು ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ಗಡಿ ದಾಟಿದ ಮೇಲೆ ರಿಯಾಯಿತಿ ಇಲ್ಲ. ಆಗ ತೆರಿಗೆ ಬೀಳುವುದು ಹನ್ನೆರಡರ ಮೇಲಿನ ಭಾಗಕ್ಕಷ್ಟೇ ಅಲ್ಲ, ನಾಲ್ಕು ಲಕ್ಷದ ಮೇಲಿನ ಎಲ್ಲದಕ್ಕೂ. ಸ್ವಲ್ಪವೇ ದಾಟಿದವರಿಗೆ ಒಂದು ಆಸರೆ ಇದೆ: ದಾಟಿದಷ್ಟು ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಕಾನೂನೇ ತಡೆಯುತ್ತದೆ. ಆದರೆ ಹನ್ನೆರಡು ಲಕ್ಷ ಎಪ್ಪತ್ತು ಸಾವಿರ ಚಿಲ್ಲರೆ ದಾಟಿದರೆ ಆ ಆಸರೆಯೂ ಮುಗಿಯುತ್ತದೆ.

ಒಂದು ಲೆಕ್ಕ ನೋಡೋಣ. ಊರಿನ ಒಬ್ಬ ಹುಡುಗನಿಗೆ 2025-26ರಲ್ಲಿ ವರ್ಷಕ್ಕೆ 12 ಲಕ್ಷ ಸಂಬಳ ಎಂದಿಟ್ಟುಕೊಳ್ಳಿ. ನಿಗದಿತ ಕಡಿತ ಕಳೆದರೆ 11 ಲಕ್ಷ 25 ಸಾವಿರ. ಕಂಪನಿ ಹಿಡಿದ ತೆರಿಗೆ ಸೊನ್ನೆ. ಇದರ ಜೊತೆ ತೆಲುಗಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಟ್ಟಿದ್ದಕ್ಕೆ ಒಂದು ಸಂಸ್ಥೆಯಿಂದ 2 ಲಕ್ಷ 40 ಸಾವಿರದ ಬಿಲ್ಲು. ಆ ಕೆಲಸಕ್ಕೆಂದೇ ಇಂಟರ್ನೆಟ್ಟು, ಸಾಫ್ಟ್‌ವೇರು, ಕರೆಂಟಿನ ಪಾಲು ಅಂತ ರಸೀದಿ ಸಮೇತ 40 ಸಾವಿರ ಖರ್ಚು. ಉಳಿದ ಲಾಭ 2 ಲಕ್ಷ. ಒಟ್ಟು ಆದಾಯ 13 ಲಕ್ಷ 25 ಸಾವಿರ.

ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆ ಇಲ್ಲ. ನಾಲ್ಕರಿಂದ ಎಂಟು ಲಕ್ಷದವರೆಗೆ ಶೇ. 5ರಂತೆ 20,000. ಎಂಟರಿಂದ ಹನ್ನೆರಡಕ್ಕೆ ಶೇ. 10ರಂತೆ 40,000. ಮೇಲಿನ 1,25,000ಕ್ಕೆ ಶೇ. 15ರಂತೆ 18,750. ಕೂಡಿದರೆ 78,750. ಅದರ ಮೇಲೆ ಶೇ. 4ರ ಸೆಸ್ 3,150 ಸೇರಿ 81,900 ರೂಪಾಯಿ. ಎರಡು ಲಕ್ಷ ಲಾಭಕ್ಕೆ ಎಂಬತ್ತೆರಡು ಸಾವಿರವೇ ಎಂದು ಹೌಹಾರುವುದು ಸಹಜ. ಸಂಬಳಕ್ಕೆ ಸಿಗುತ್ತಿದ್ದ ರಿಯಾಯಿತಿಯೂ ಈ ದುಡಿಮೆಯ ಜೊತೆಗೇ ಹೋಯಿತಲ್ಲ, ಅದರ ಬೆಲೆ ಇದು. ಹಾಗಂತ ನಷ್ಟವೇನಿಲ್ಲ, ಒಂದು ಲಕ್ಷ 18 ಸಾವಿರ ಕೈಯಲ್ಲಿ ಉಳಿಯುತ್ತದೆ.

ಅನುವಾದ ಮಾಡಿಸಿದ ಸಂಸ್ಥೆ ಬಿಲ್ಲಿನಲ್ಲಿ ಶೇ. 10, ಅಂದರೆ 24,000 ಟಿಡಿಎಸ್ ಹಿಡಿದಿದೆ. ಒಂದೇ ಕಂಪನಿ ವರ್ಷಕ್ಕೆ 50 ಸಾವಿರಕ್ಕಿಂತ ಹೆಚ್ಚು ವೃತ್ತಿ ಶುಲ್ಕ ಕೊಟ್ಟರೆ ಹೀಗೆ ಹಿಡಿಯಬೇಕು. ಚಿಕ್ಕಪುಟ್ಟ ಗಿರಾಕಿಗಳು, ವಿದೇಶದ ಗಿರಾಕಿಗಳು ಸಾಮಾನ್ಯವಾಗಿ ಏನೂ ಹಿಡಿಯುವುದಿಲ್ಲ. ಅನೇಕರು ತಪ್ಪು ತಿಳಿಯುವುದು ಇಲ್ಲೇ: ಟಿಡಿಎಸ್ ಹಿಡಿದರೆಂದರೆ ತೆರಿಗೆ ತೀರಿತು ಎಂದಲ್ಲ. ನಮ್ಮ ಲೆಕ್ಕದಲ್ಲಿ 81,900ರಲ್ಲಿ 24,000 ಕಳೆದರೂ 57,900 ಬಾಕಿ. ಟಿಡಿಎಸ್ ಕಳೆದ ಮೇಲಿನ ಬಾಕಿ 10 ಸಾವಿರ ಅಥವಾ ಹೆಚ್ಚಾದರೆ ಮುಂಗಡ ತೆರಿಗೆ ಕಡ್ಡಾಯ.

ಕಟ್ಟುವ ದಿನಗಳು ನಾಲ್ಕು. ಜೂನ್ 15ರೊಳಗೆ ಬಾಕಿಯ ಶೇ. 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ. 45, ಡಿಸೆಂಬರ್ 15ರೊಳಗೆ ಒಟ್ಟು ಶೇ. 75, ಮಾರ್ಚ್ 15ರೊಳಗೆ ಪೂರ್ತಿ. 'ಒಟ್ಟು' ಎಂಬ ಮಾತನ್ನು ಗಮನಿಸಿ, ಹಿಂದೆ ಕಟ್ಟಿದ್ದೂ ಅದರಲ್ಲೇ ಸೇರಿರುತ್ತದೆ. ನಮ್ಮ ಹುಡುಗ ಜೂನ್‌ನಲ್ಲಿ 8,685, ಸೆಪ್ಟೆಂಬರ್‌ನಲ್ಲಿ 17,370, ಡಿಸೆಂಬರ್‌ನಲ್ಲಿ ಮತ್ತೆ 17,370, ಮಾರ್ಚ್‌ನಲ್ಲಿ 14,475 ಕಟ್ಟಬೇಕಿತ್ತು. ಹಳಬರು ಸೆಪ್ಟೆಂಬರಿನಿಂದ ಮೂರೇ ಕಂತು ಎನ್ನುವುದುಂಟು. ಅದು 2016ಕ್ಕೆ ಮುಂಚಿನ ಮಾತು.

ಏನೂ ಕಟ್ಟದೆ ಸುಮ್ಮನಿದ್ದು, ಜುಲೈನಲ್ಲಿ ರಿಟರ್ನ್ ಸಲ್ಲಿಸುವಾಗ ಪೂರ್ತಿ ಕಟ್ಟಿದರೆ ಏನಾಗುತ್ತದೆ? ಬಡ್ಡಿ ಎರಡು ಕಡೆಯಿಂದ ಬರುತ್ತದೆ. ಒಂದು, ಕಂತು ತಪ್ಪಿದ್ದಕ್ಕೆ. ಮೊದಲ ಮೂರು ಕಂತುಗಳಲ್ಲಿ ಕೊರತೆಯಾದ ಮೊತ್ತಕ್ಕೆ ತಿಂಗಳಿಗೆ ಶೇ. 1ರಂತೆ ಮೂರು ತಿಂಗಳು, ಕೊನೆಯದಕ್ಕೆ ಒಂದು ತಿಂಗಳು. ನೂರರ ಕೆಳಗಿನ ಚಿಲ್ಲರೆ ಬಿಟ್ಟು ಲೆಕ್ಕ ಹಾಕಿದರೆ 258, 780, 1,302, 579. ಒಟ್ಟು 2,919. ಎರಡನೆಯದು, ಮಾರ್ಚ್ 31ರೊಳಗೆ ಬಾಕಿಯ ಶೇ. 90ನ್ನಾದರೂ ಕಟ್ಟದಿದ್ದಕ್ಕೆ. ಇದು ಏಪ್ರಿಲ್‌ನಿಂದ ಕಟ್ಟುವ ತಿಂಗಳವರೆಗೆ ಓಡುತ್ತದೆ. ಜುಲೈ ಸೇರಿ ನಾಲ್ಕು ತಿಂಗಳಿಗೆ 2,316. ಎರಡೂ ಕೂಡಿ 5,235 ರೂಪಾಯಿ. ಅರ್ಧ ತಿಂಗಳಾದರೂ ಪೂರ್ತಿ ತಿಂಗಳೆಂದೇ ಲೆಕ್ಕ. ಇದು ದಂಡವಲ್ಲ, ಬಡ್ಡಿ. ಹಾಗಾಗಿ ಕಾರಣ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ, ಕಂಪ್ಯೂಟರೇ ಹಾಕಿ ಕಳಿಸುತ್ತದೆ.

ಡಿಸೆಂಬರಿನಲ್ಲಿ ದೊಡ್ಡ ಕೆಲಸ ಸಿಗುತ್ತದೆ ಎಂದು ಜೂನ್‌ನಲ್ಲೇ ಯಾರು ಕಂಡಿದ್ದರು ಸ್ವಾಮಿ, ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಇಂಥ ದುಡಿಮೆಗೆ ಕಾನೂನು ವರ್ಷಾಂತ್ಯದ ತೆರಿಗೆಯನ್ನೇ ಹಿಡಿದು ಜೂನ್ ಕಂತನ್ನೂ ಅಳೆಯುತ್ತದೆ. ಸಡಿಲಿಕೆ ಇರುವುದು ಎರಡು ಕಡೆ. ಜೂನ್‌ನಲ್ಲಿ ಶೇ. 12, ಸೆಪ್ಟೆಂಬರ್‌ನಲ್ಲಿ ಒಟ್ಟು ಶೇ. 36 ಕಟ್ಟಿದ್ದರೆ ಆ ಎರಡು ಕಂತಿಗೆ ಬಡ್ಡಿ ಇಲ್ಲ. ಇನ್ನೊಂದು, ಈ ಬಗೆಯ ವೃತ್ತಿ ಆದಾಯ ನಿಮಗೆ ಜೀವನದಲ್ಲಿ ಅದೇ ಮೊದಲ ಬಾರಿ ಬಂದ ವರ್ಷವಾಗಿದ್ದರೆ, ಅದರಿಂದಾದ ಕೊರತೆಯನ್ನು ಉಳಿದ ಕಂತುಗಳಲ್ಲಿ, ಉಳಿದಿಲ್ಲದಿದ್ದರೆ ಮಾರ್ಚ್ 31ರೊಳಗೆ ತುಂಬಿದರೆ ಕಂತಿನ ಬಡ್ಡಿ ಹಾಕುವುದಿಲ್ಲ. ಈ ಎರಡನೆಯದು ಬಹಳ ಮಂದಿಗೆ ಗೊತ್ತೇ ಇಲ್ಲ.

ನಮ್ಮ ಸೀಮೆಯವರು ಮರೆಯುವ ಇನ್ನೊಂದು ಸಂಗತಿ ಹತ್ತಿ ಹೊಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದು 5 ಸಾವಿರ ದಾಟಿದರೆ, ಬೇರೆ ಆದಾಯಕ್ಕೆ ಯಾವ ದರ ಎಂದು ನಿರ್ಧರಿಸಲು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಹುಡುಗನ ಹೆಸರಿನ ಹೊಲದಿಂದ ಖರ್ಚು ಕಳೆದು 2 ಲಕ್ಷ ಬಂದಿದೆ ಎನ್ನಿ. 15 ಲಕ್ಷ 25 ಸಾವಿರಕ್ಕೆ ತೆರಿಗೆ 1,08,750. ಅದರಲ್ಲಿ ನಾಲ್ಕು ಲಕ್ಷ ಮತ್ತು ಹೊಲದ ಎರಡು ಲಕ್ಷ ಸೇರಿದ ಆರು ಲಕ್ಷದ ಮೇಲಿನ ತೆರಿಗೆ 10,000 ಕಳೆಯಬೇಕು. ಉಳಿದದ್ದು 98,750. ಅಂದರೆ ಹತ್ತಿಯಿಂದ ಸೆಸ್ ಬಿಟ್ಟು 20 ಸಾವಿರ ಹೆಚ್ಚಾಯಿತು. ಹೊಲ ಅಪ್ಪನ ಹೆಸರಲ್ಲಿದ್ದು ಆದಾಯವೂ ಅಪ್ಪನದೇ ಆದರೆ ಈ ತಾಪತ್ರಯ ಮಗನಿಗಿಲ್ಲ.

ಕಂತಿನ ಕಟ್ಟು ಬೇಡವೆನಿಸಿದರೆ ಸುಲಭದ ದಾರಿ ಒಂದಿದೆ. ಪಕ್ಕದ ಆದಾಯ ಇಷ್ಟು, ಅದಕ್ಕೆ ಹಿಡಿದ ಟಿಡಿಎಸ್ ಇಷ್ಟು ಎಂದು ಸಂಬಳ ಕೊಡುವ ಕಂಪನಿಗೇ ಬರೆದುಕೊಟ್ಟರೆ, ಬಾಕಿಯನ್ನು ಅವರೇ ಸಂಬಳದಲ್ಲಿ ಹಿಡಿಯುತ್ತಾರೆ. ಹಾಗೆ ಹಿಡಿದದ್ದು ಜನವರಿಯಲ್ಲಾದರೂ ಟಿಡಿಎಸ್ ಎಂದೇ ಲೆಕ್ಕ, ಜೂನ್ ಕಂತು ತಪ್ಪಿತೆಂಬ ಬಡ್ಡಿ ಇಲ್ಲ. ಆದರೆ ಹೊರಗಿನ ಕೆಲಸಕ್ಕೆ ನಿಮ್ಮ ನೇಮಕಾತಿ ಪತ್ರ ಒಪ್ಪುತ್ತದೆಯೇ ಎಂದು ಮೊದಲು ಓದಿಕೊಳ್ಳಿ. 2022ರಲ್ಲಿ ವಿಪ್ರೊ ಕಂಪನಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂದು 300 ಮಂದಿಯನ್ನು ಮನೆಗೆ ಕಳಿಸಿದ್ದು ನೆನಪಿರಬಹುದು. ಸರ್ಕಾರಿ ನೌಕರರಿಗಂತೂ ಅನುಮತಿ ಬೇಕೇ ಬೇಕು.

ವೈದ್ಯರು, ವಕೀಲರು, ಎಂಜಿನಿಯರುಗಳು, ಸಾಫ್ಟ್‌ವೇರ್ ಸಲಹೆಗಾರರು ಮೊದಲಾದ ಕೆಲವೇ ವೃತ್ತಿಯವರಿಗೆ ಇನ್ನೊಂದು ಸೌಲಭ್ಯ: ವೃತ್ತಿಯಿಂದ ಬಂದದ್ದರಲ್ಲಿ ಅರ್ಧ ಲಾಭ ಎಂದು ತೋರಿಸುವ ಪದ್ಧತಿ ಆರಿಸಿಕೊಂಡರೆ ನಾಲ್ಕು ಕಂತು ಇಲ್ಲ, ಮಾರ್ಚ್ 15ಕ್ಕೆ ಒಂದೇ ಸಲ ಕಟ್ಟಬಹುದು. ಆ ಪಟ್ಟಿಯಲ್ಲಿ ಅನುವಾದಕರ ಹೆಸರಿಲ್ಲ.

ಕಟ್ಟುವುದು ಕಷ್ಟವಲ್ಲ. incometax.gov.in ತಾಣದಲ್ಲಿ e-Pay Tax ಒತ್ತಿ, ಪ್ಯಾನ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟರೆ ಓಟಿಪಿ ಬರುತ್ತದೆ. ಮುಂದೆ ತೆರಿಗೆಯ ಬಗೆಯಲ್ಲಿ Advance Tax (100) ಆರಿಸಬೇಕು. ಅದರ ಪಕ್ಕದಲ್ಲೇ ಇರುವ Self Assessment Tax (300) ವರ್ಷ ಮುಗಿದ ಮೇಲಿನ ಬಾಕಿಗೆ. ಹೆಚ್ಚು ಎಚ್ಚರ ಬೇಕಾದದ್ದು ವರ್ಷದ ವಿಷಯದಲ್ಲಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯಲ್ಲಿ 2025-26ರ ದುಡಿಮೆಗೆ 'ಅಸೆಸ್‌ಮೆಂಟ್ ವರ್ಷ 2026-27' ಎನ್ನುತ್ತಿದ್ದರು. ಹೊಸದರಲ್ಲಿ ದುಡಿದ ವರ್ಷವೇ ತೆರಿಗೆ ವರ್ಷ, ಅಂದರೆ 2026ರ ಏಪ್ರಿಲ್‌ನಿಂದಾಚೆಯ ದುಡಿಮೆಗೆ 'ತೆರಿಗೆ ವರ್ಷ 2026-27'. ಅಂಕಿ ಒಂದೇ, ವರ್ಷ ಬೇರೆ. ತಪ್ಪು ಆರಿಸಿದರೆ ಹಣ ಬೇರೆ ವರ್ಷದ ಖಾತೆಗೆ ಸೇರಿ, ಈ ವರ್ಷಕ್ಕೆ ಬಾಕಿ ಎಂಬ ನೋಟಿಸು ಬರುತ್ತದೆ. ಚಲನ್ ಕೈಗೆ ಬಂದ ಕೂಡಲೇ ವರ್ಷ ಮತ್ತು 100 ಎಂಬ ಅಂಕಿ ನೋಡಿಕೊಳ್ಳಿ. ತಪ್ಪಿದ್ದರೆ ತಾಣದಲ್ಲೇ ತಿದ್ದುಪಡಿಗೆ ಅವಕಾಶವಿದೆ, ಅದಕ್ಕೂ ದಿನಗಳ ಗಡುವು ಇರುವುದರಿಂದ ತಡ ಮಾಡಬಾರದು. ಕೆಲವು ದಿನ ಬಿಟ್ಟು ಅದೇ ತಾಣದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನೀವು ಕಟ್ಟಿದ ಮೊತ್ತ, ಗಿರಾಕಿ ಹಿಡಿದ ಟಿಡಿಎಸ್ ಎರಡೂ ಕಾಣುತ್ತಿವೆಯೇ ನೋಡಿ. ಗಿರಾಕಿ ಹಿಡಿದು ಸರ್ಕಾರಕ್ಕೆ ಕಟ್ಟದೆ ಉಳಿಸಿಕೊಂಡಿದ್ದರೆ ಅದು ಬಯಲಾಗುವುದೂ ಅಲ್ಲೇ.